ದಿಶಾ ಕ್ಷೇತ್ರ

ದಿಶಾ ಕ್ಷೇತ್ರವು ಪ್ರಥಮ ಕ್ರಮದ ಅವಕಲ ಸಮೀಕರಣವೊಂದರ ಚಿತ್ರರೂಪವಾಗಿದೆ. dy/dx = f(x, y) ಎಂಬ ಸಮೀಕರಣವು ಸಮತಲದ ಪ್ರತಿ ಬಿಂದುವಿನಲ್ಲೂ ಪರಿಹಾರ ವಕ್ರರೇಖೆಯ ಪ್ರವಣತೆ ಎಷ್ಟಿರಬೇಕೆಂದು ತಿಳಿಸುತ್ತದೆ. ಆಯ್ದ ಬಿಂದುಗಳಲ್ಲಿ ಆ ಪ್ರವಣತೆಯ ಸಣ್ಣ ಗೆರೆಗಳನ್ನು ಎಳೆದರೆ ಕ್ಷೇತ್ರವು ಸಿದ್ಧವಾಗುತ್ತದೆ. ಎಲ್ಲೆಡೆ ಈ ಗೆರೆಗಳನ್ನು ಸ್ಪರ್ಶಿಸುತ್ತ ಸಾಗುವ ವಕ್ರರೇಖೆಯೇ ಪರಿಹಾರ.

dy/dx = x − y² ಎಂಬ ಸಮೀಕರಣವು ಇದಕ್ಕೆ ಉತ್ತಮ ಉದಾಹರಣೆ. ನೋಡಲು ಸರಳವಾದರೂ ಇದರ ಪರಿಹಾರವನ್ನು ಬಹುಪದ, ಘಾತ, ತ್ರಿಕೋನಮಿತಿಯಂತಹ ಪರಿಚಿತ ಫಲನಗಳಿಂದ ಬರೆಯಲಾಗದು. ಅದಕ್ಕೆ ಏರಿ ಫಲನಗಳು ಬೇಕು. ಚಿತ್ರಕ್ಕೆ ಅವುಗಳ ಅಗತ್ಯವಿಲ್ಲ.

ಒಂದೊಂದೇ ಬಿಂದುವಿನ ಪ್ರವಣತೆಯನ್ನು ಲೆಕ್ಕ ಹಾಕುವುದಕ್ಕಿಂತ ಸಮಾನ ಪ್ರವಣತೆಯ ರೇಖೆಗಳನ್ನು ಮೊದಲು ಎಳೆಯುವುದು ಸುಲಭ. ಇಲ್ಲಿ ಅವು x − y² = c ಎಂಬ ಪರವಲಯಗಳು. c = 0 ಆದಾಗ ದೊರೆಯುವ x = y² ಪರವಲಯದ ಮೇಲೆ ಎಲ್ಲ ಗೆರೆಗಳೂ ಅಡ್ಡವಾಗಿರುತ್ತವೆ. ಅದರ ಒಳಗೆ ಪರಿಹಾರಗಳು ಏರುತ್ತವೆ, ಹೊರಗೆ ಇಳಿಯುತ್ತವೆ. ಬಲಕ್ಕೆ ಸಾಗಿದಂತೆ ಪರವಲಯದ ಎರಡು ಬಾಹುಗಳೂ ಅಗಲುತ್ತವೆ. ಪರಿಹಾರಗಳೋ ಅವುಗಳನ್ನು ಅಡ್ಡವಾಗಿಯೇ ದಾಟುತ್ತವೆ. ಆದ್ದರಿಂದ ಒಳಗೆ ಪ್ರವೇಶಿಸಿದ ಪರಿಹಾರ ಮತ್ತೆ ಹೊರಬರಲಾರದು. ಅದು ಏರುತ್ತ ಮೇಲಿನ ಬಾಹು y = √x ಅನ್ನು ಸಮೀಪಿಸುತ್ತದೆ. (0, 1) ರಿಂದ ಹೊರಟದ್ದು ಮೊದಲು ಇಳಿದು, ಪರವಲಯವನ್ನು ದಾಟಿದ ಬಳಿಕ ಏರುತ್ತದೆ.

ಕೆಳಭಾಗದ ಸ್ಥಿತಿ ಬೇರೆ. c = −1 ರ ಪರವಲಯದ ಕೆಳಬಾಹು y = −√(x+1). ಅದರ ಮೇಲೆ ಪರಿಹಾರದ ಪ್ರವಣತೆ −1. ಆದರೆ x ≥ 0 ಇರುವಲ್ಲಿ ಬಾಹುವಿನ ಇಳಿತ ಅಷ್ಟು ಕಡಿದಲ್ಲ. ಹಾಗಾಗಿ (0, −1) ರಿಂದ ಹೊರಟ ಪರಿಹಾರ ಅದರ ಕೆಳಗೆ ಜಾರಿ ಅಲ್ಲಿಯೇ ಉಳಿಯುತ್ತದೆ ಮತ್ತು x ನ ಒಂದು ಸೀಮಿತ ಬೆಲೆಯಲ್ಲೇ −∞ ಗೆ ಹೋಗುತ್ತದೆ. ಏರುವ ಮತ್ತು ಬೀಳುವ ಪರಿಹಾರಗಳನ್ನು ಬೇರ್ಪಡಿಸುವುದು ಒಂದೇ ಒಂದು ವಕ್ರರೇಖೆ. x = 0 ಆದಾಗ ಅದರ y ಬೆಲೆ ಸುಮಾರು −0.729, ಮುಂದೆ ಅದು −√x ನ ಪಕ್ಕದಲ್ಲೇ, ತುಸು ಕೆಳಗೆ, ಸಾಗುತ್ತದೆ.

ಕೈಯಿಂದ ಎಳೆಯುವಾಗ ತಪ್ಪುಗಳಾಗುವುದು ಈ ರೇಖೆಯ ಬಳಿಯೇ. (0, −0.72) ರಿಂದ ಹೊರಟ ಪರಿಹಾರ ಕೊನೆಗೆ ಏರಬೇಕು. ಆದರೆ 0.5 ಅಂತರದ ನೇರ ತುಂಡುಗಳನ್ನು ಜೋಡಿಸುತ್ತ ಹೋದರೆ x = 2 ರಲ್ಲಿ y ಸುಮಾರು −1.72 ಆಗಿ, ಗೆರೆ ಬೀಳುತ್ತಲೇ ಹೋಗುತ್ತದೆ. ಅಂತರವನ್ನು 0.125 ಕ್ಕೆ ಇಳಿಸಿದರೆ −1.34 ರ ಸುಮಾರಿಗೆ ತಿರುಗಿ ಮೇಲೇರುತ್ತದೆ. ಅಂತರ ಬದಲಿಸಿದಾಗ ವಕ್ರರೇಖೆಯ ಗತಿಯೇ ಬದಲಾದರೆ ಹತ್ತಿರದಲ್ಲಿ ಇಂತಹ ಬೇರ್ಪಡಿಸುವ ರೇಖೆಯಿದೆಯೆಂದು ತಿಳಿಯಬಹುದು. ಈ ಸಮೀಕರಣದ ಎರಡು ಪರಿಹಾರಗಳು ಎಲ್ಲಿಯೂ ಒಂದನ್ನೊಂದು ಕತ್ತರಿಸುವುದಿಲ್ಲವಾದ್ದರಿಂದ, ಚಿತ್ರದಲ್ಲಿ ಎರಡು ವಕ್ರರೇಖೆಗಳು ಕೂಡಿಕೊಂಡಿದ್ದರೆ ಅದು ಎಳೆದವರ ದೋಷ. ಮೇಲಿನ ಬಾಹುವಿನ ಬಳಿ ಮಾತ್ರ ಅವು ಎಷ್ಟು ಒತ್ತಾಗುತ್ತವೆಂದರೆ ಕಣ್ಣಿಗೆ ಒಂದೇ ಗೆರೆಯಂತೆ ಕಾಣುತ್ತವೆ.