ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಯಾರು?

ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಒಂದು ಕಾಲಂ ಇರುತ್ತದೆ. ಬಳ್ಳಾರಿಯಂಥ ಊರಿನಲ್ಲಿ ಅದನ್ನು ತುಂಬುವುದು ಅಷ್ಟು ಸುಲಭವಲ್ಲ. ಸತ್ಯನಾರಾಯಣಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ ಮಾತಾಡುವುದು ತೆಲುಗು. ಅಮ್ಮ ಕನ್ನಡದವರು. ಮಗು ಅಜ್ಜಿಯ ಹತ್ತಿರ ತೆಲುಗು, ಅಮ್ಮನ ಹತ್ತಿರ ಕನ್ನಡ, ಬೀದಿಯಲ್ಲಿ ಎರಡೂ ಬೆರೆಸಿದ ಮಾತು ಆಡುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡುಗಡೆಯಾಗಿ ಮೈಸೂರಿಗೆ ಸೇರಿತು, ಆದೋನಿ, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿಯ ಗೆರೆ ಹಾಗೆ ಬಿತ್ತು, ಆದರೆ ಸಿರುಗುಪ್ಪದ ಕಡೆಯ ಮನೆಗಳ ಮಾತು ಗೆರೆ ಕೇಳಿ ಬದಲಾಗಲಿಲ್ಲ.

ಈ ಪುಟ್ಟ ಕಾಲಂ ಇಪ್ಪತ್ತು ವರ್ಷ ನ್ಯಾಯಾಲಯ ಸುತ್ತಿ, ಕೊನೆಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದು ನಿಂತಿತು. ಬಹುಮತದಿಂದ ಬಂದ ಸರ್ಕಾರ ಮಾಡಿದ್ದನ್ನು, ಯಾರೂ ವೋಟು ಹಾಕಿ ಆರಿಸದ ನ್ಯಾಯಾಧೀಶರು ಬೇಡ ಎನ್ನಬಹುದೇ? ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಮನೆಮನೆಯೊಳಗೆ ಬಂದದ್ದು ಈ ಪ್ರಕರಣದಲ್ಲೇ ಇರಬೇಕು.

ಹಿನ್ನೆಲೆ ಹಿರಿಯರಿಗೆ ನೆನಪಿದ್ದೀತು. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಎಂದು 1982ರಲ್ಲಿ ದೊಡ್ಡ ಚಳವಳಿಯೇ ನಡೆಯಿತು, ಡಾ. ರಾಜ್‌ಕುಮಾರ್ ಊರೂರು ತಿರುಗಿದರು. ಕನ್ನಡವನ್ನು ಮೊದಲ ಸ್ಥಾನದಲ್ಲಿ ಇಡಬೇಕೆಂಬ ಆಸೆ ಯಾವುದೋ ಒಂದು ಪಕ್ಷದ್ದಾಗಿರಲಿಲ್ಲ, ಜನರದ್ದಾಗಿತ್ತು. ಸರ್ಕಾರದ ಮೊದಲ ಆದೇಶದ ಮುಖ್ಯ ಭಾಗಗಳನ್ನು 1989ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಸರ್ಕಾರ ಹೊಸ ಆದೇಶ ಹೊರಡಿಸಿತು, 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಆ ಧೈರ್ಯದಲ್ಲಿ 1994ರ ಏಪ್ರಿಲ್ 29ರಂದು ಇನ್ನಷ್ಟು ಗಟ್ಟಿಯಾದ ಆದೇಶ ಬಂತು.

ಅದರ ಪ್ರಕಾರ ಮಾನ್ಯತೆ ಪಡೆದ ಎಲ್ಲ ಶಾಲೆಗಳಲ್ಲೂ, ಖಾಸಗಿ ಶಾಲೆಗಳಲ್ಲೂ, ಒಂದರಿಂದ ನಾಲ್ಕನೇ ತರಗತಿಯವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ನಡೆಯಬೇಕು. ಇಂಗ್ಲಿಷ್ ಮಾಧ್ಯಮ ಬೇಕಾದರೆ ಮಗುವಿನ ಮಾತೃಭಾಷೆ ಇಂಗ್ಲಿಷೇ ಆಗಿರಬೇಕು. ನಮ್ಮ ಸತ್ಯನಾರಾಯಣಪೇಟೆಯ ಮನೆಯ ಮುಂದೆ ಉಳಿದದ್ದು ಎರಡೇ ದಾರಿ, ತೆಲುಗು ಅಥವಾ ಕನ್ನಡ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಲಿ ಎಂದು ಅಪ್ಪ ಅಮ್ಮ ಆಸೆಪಟ್ಟರೆ ಕಾಲಂ ಅಡ್ಡ ಬರುತ್ತಿತ್ತು.

ನಡೆದದ್ದೇನು ಗೊತ್ತೇ? ಎಷ್ಟೋ ಖಾಸಗಿ ಶಾಲೆಗಳು ಕಾಗದದ ಮೇಲೆ ಕನ್ನಡ ಮಾಧ್ಯಮವೆಂದು ಮಾನ್ಯತೆ ಪಡೆದು, ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡಿದವು. ಅದನ್ನು ಪತ್ತೆ ಹಚ್ಚಿದ ಇಲಾಖೆ ಮಾನ್ಯತೆ ರದ್ದು ಮಾಡಲು ಹೊರಟಿತು. ಶಾಲೆಗಳ ಆಡಳಿತ ಮಂಡಳಿಗಳು ಹೈಕೋರ್ಟಿಗೆ ಹೋದವು. 2008ರ ಜುಲೈ 2ರಂದು ಹೈಕೋರ್ಟಿನ ಪೂರ್ಣಪೀಠ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆದೇಶ ಸರಿ, ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಅನ್ವಯಿಸಲಾಗದು ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದರೂ ವಾದ ಮಾತ್ರ ಬದಲಾಗಲಿಲ್ಲ.

2014ರ ಮೇ 6ರಂದು ತೀರ್ಪು ಬಂತು. ನ್ಯಾಯಾಲಯ ನಡೆದ ದಾರಿ ಸ್ವಾರಸ್ಯವಾಗಿದೆ. ಮೊದಲ ಪ್ರಶ್ನೆ, ಮಾತೃಭಾಷೆ ಯಾವುದೆಂದು ಹೇಳುವವರು ಯಾರು? ಹೆತ್ತವರು ಅಥವಾ ಪೋಷಕರು, ಸರ್ಕಾರವಲ್ಲ. ಎರಡನೆಯದು, ಯಾವ ಭಾಷೆಯಲ್ಲಿ ಕಲಿಯಬೇಕೆಂಬುದು ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದ ಒಳಗೆ ಬರುತ್ತದೆಯೇ? ಬರುತ್ತದೆ, ಮಗುವಿನ ಪರವಾಗಿ ಆ ಆಯ್ಕೆ ಪೋಷಕರದು. ಇಲ್ಲಿಂದ ಮುಂದೆಯೇ ಗಂಟು ಇರುವುದು. ವಾಕ್ ಸ್ವಾತಂತ್ರ್ಯಕ್ಕೆ ಸರ್ಕಾರ ಮಿತಿ ಹಾಕಬಹುದು, ಆದರೆ ಯಾವ ಕಾರಣಗಳಿಗೆ ಎಂಬ ಪಟ್ಟಿ ಸಂವಿಧಾನದಲ್ಲೇ ಇದೆ: ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ ಮುಂತಾದವು. ‘ಮಗು ಚೆನ್ನಾಗಿ ಕಲಿಯುತ್ತದೆ’ ಎಂಬ ಕಾರಣ ಅದರಲ್ಲಿಲ್ಲ. ಮಾತೃಭಾಷೆಯಲ್ಲಿ ಕಲಿಕೆ ಉತ್ತಮ ಎಂದು ತಜ್ಞರು ಹೇಳುವುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಒಳ್ಳೆಯದೆಂಬ ಮಾತ್ರಕ್ಕೆ ಹೇರಲು ಬರುವುದಿಲ್ಲ ಎಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಕೊಡಿ ಎನ್ನುವ 350ಎ ವಿಧಿಯೂ ಸೌಲಭ್ಯದ ಮಾತೇ ಹೊರತು ಒತ್ತಾಯದ ಮಾತಲ್ಲ ಎಂದಿತು.

ಇದು ಸರಿಯೆನ್ನುವವರ ವಾದ ಗಟ್ಟಿಯಾಗಿದೆ. ಗಡಿಯ ತಾಲ್ಲೂಕಿನ ಒಂದು ತೆಲುಗು ಅಥವಾ ಉರ್ದು ಮನೆ ಎಷ್ಟು ಚುನಾವಣೆಯಲ್ಲಿ ವೋಟು ಹಾಕಿದರೂ ರಾಜ್ಯದ ಭಾಷಾನೀತಿಯನ್ನು ಗೆಲ್ಲಲಾರದು. ಅಂಥವರಿಗೆ ಉಳಿದಿರುವ ಬಾಗಿಲು ನ್ಯಾಯಾಲಯದ್ದು ಮಾತ್ರ. ಅಮೆರಿಕದ ನೆಬ್ರಾಸ್ಕದಲ್ಲಿ ಮೊದಲ ಮಹಾಯುದ್ಧದ ನಂತರ, ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆ ಕಲಿಸುವಂತಿಲ್ಲ ಎಂದು ಕಾನೂನಾಯಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಕಲಿಸಿದ ಮೇಯರ್ ಎಂಬ ಮೇಷ್ಟರಿಗೆ 25 ಡಾಲರ್ ದಂಡ ಬಿತ್ತು. ಜನರ ಬಹುಮತ ಆ ಕಾನೂನಿನ ಕಡೆಗೇ ಇತ್ತು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಆದರೆ ಅದೇ ಪ್ರಕರಣಗಳಲ್ಲಿ ಒಪ್ಪದ ನ್ಯಾಯಮೂರ್ತಿಯೊಬ್ಬರಿದ್ದರು, ಹೋಮ್ಸ್. ಎಲ್ಲ ಮಕ್ಕಳೂ ಒಂದು ಸಮಾನ ಭಾಷೆ ಕಲಿಯಲಿ ಎಂದು ಶಾಸನಸಭೆ ಪ್ರಯತ್ನಿಸುವುದು ಅವಿವೇಕವೇನಲ್ಲ, ವಿವೇಕಿಗಳು ಭಿನ್ನಾಭಿಪ್ರಾಯ ಪಡಬಹುದಾದ ಕಡೆ ನ್ಯಾಯಾಲಯ ಅಡ್ಡ ಬರಬಾರದು ಎಂಬುದು ಅವರ ನಿಲುವು. ನಮ್ಮ ತೀರ್ಪನ್ನು ಟೀಕಿಸಿದ ಕನ್ನಡ ಸಾಹಿತಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ನನಗೆ ಅವರ ಇನ್ನೊಂದು ಮಾತು ಇದಕ್ಕಿಂತ ಹರಿತ ಎನ್ನಿಸುತ್ತದೆ. ಕರ್ನಾಟಕದಲ್ಲಿ ಕನ್ನಡಿಗರು ಬಹುಸಂಖ್ಯಾತರು, ನಿಜ. ಇಂಗ್ಲಿಷಿನ ಮಾರುಕಟ್ಟೆಯ ಎದುರು ಕನ್ನಡ ಬಹುಸಂಖ್ಯಾತವೇ? ಈ ಮೊಕದ್ದಮೆಯಲ್ಲಿ ರಕ್ಷಣೆ ಸಿಕ್ಕಿದ್ದು ದುರ್ಬಲರಿಗೋ, ಶುಲ್ಕ ವಸೂಲಿ ಮಾಡುವ ಶಾಲೆಗಳಿಗೋ? ಆಯ್ಕೆಯ ಹಕ್ಕು ಎಂಬುದು ದುಡ್ಡಿದ್ದವರ ಕೈಗೆ ಮಾತ್ರ ಬಂತಲ್ಲ! ಅನುದಾನವಿಲ್ಲದ ಶಾಲೆಗೆ ಶುಲ್ಕ ಕಟ್ಟಬಲ್ಲ ತಂದೆ ಆರಿಸಿಕೊಳ್ಳುತ್ತಾನೆ. ಕುರುಗೋಡಿನ ಕೂಲಿಯವನ ಮಗ ಪಕ್ಕದ ಸರ್ಕಾರಿ ಶಾಲೆಯಲ್ಲಿ ಯಾವ ಮಾಧ್ಯಮ ಇದೆಯೋ ಅದರಲ್ಲೇ ಕೂರುತ್ತಾನೆ.

ಶಾಸನಸಭೆ ಮತ್ತೆ ಕಾನೂನು ಮಾಡಿ ಈ ತೀರ್ಪನ್ನು ದಾಟಬಹುದೇ? ರಾಜ್ಯದ ಸಾಮಾನ್ಯ ಕಾನೂನಿನಿಂದ ಆಗದು. ಇನ್ನೂ ದೊಡ್ಡ ಪೀಠ ಬೇರೆ ಹೇಳಬೇಕು, ಇಲ್ಲವೇ ಸಂಸತ್ತು ಸಂವಿಧಾನವನ್ನೇ ತಿದ್ದಬೇಕು. ಆ ತಿದ್ದುಪಡಿಗೂ ಒಂದು ಮಿತಿಯಿದೆ. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1973ರಲ್ಲಿ 7–6ರ ಅಂತರದಲ್ಲಿ ತೀರ್ಮಾನವಾಯಿತು. ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಗಡಿಯಾಚೆಗೆ ಉಳಿದುಹೋದ ಕನ್ನಡ ನೆಲದವರು.

ಆದರೆ ತೀರ್ಪು ತಡೆದದ್ದು ಮಾಧ್ಯಮವನ್ನು ಹೇರುವುದನ್ನು. ಕನ್ನಡವನ್ನು ಒಂದು ವಿಷಯವಾಗಿ ಕಲಿಸುವುದು ಅಲ್ಲಿ ತೀರ್ಮಾನವಾದ ಪ್ರಶ್ನೆಯಾಗಿರಲಿಲ್ಲ. ರಾಜ್ಯ ಆ ದಾರಿ ಹಿಡಿದು 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ತಂದಿತು. ಇದರ ಪ್ರಕಾರ ಶಾಲೆಯ ಮಾಧ್ಯಮ ಯಾವುದೇ ಇರಲಿ, ಮಗು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಓದಬೇಕು. ಇನ್ನು ಜನರ ಬಯಕೆಯ ಮಾತು. 1982ರಲ್ಲಿ ಕನ್ನಡಕ್ಕಾಗಿ ಬೀದಿಗಿಳಿದ ರಾಜ್ಯದಲ್ಲೇ 2019ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಅದನ್ನು ವಿರೋಧಿಸಿ ಸಾಹಿತಿಗಳು ಮತ್ತೆ ದನಿ ಎತ್ತಿದರು, ಮಕ್ಕಳನ್ನು ಸೇರಿಸಲು ಹೆತ್ತವರೂ ಬಂದರು.