ಬಿಂದುವೊಂದರ ಸುತ್ತ ಬಹುಪದಿ ಸನ್ನಿಹಿತ: ಶೇಷದ ಮಿತಿಯನ್ನು ನಿರ್ಧರಿಸುವ ಬಗೆ

ಸೈನ್, ಲಘುಗಣಕ ಮೊದಲಾದ ಫಲನಗಳ ಬೆಲೆಯನ್ನು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಿಯೆಗಳಿಂದ ನೇರವಾಗಿ ಪಡೆಯಲಾಗದು. ಬಹುಪದಿಯ ಬೆಲೆಯನ್ನಾದರೋ ಹೀಗೆ ಪಡೆಯಬಹುದು. ಆದುದರಿಂದ ಫಲನದ ಸ್ಥಾನದಲ್ಲಿ ತಕ್ಕ ಬಹುಪದಿಯೊಂದನ್ನು ಇರಿಸಿ ಕೆಲಸ ಸಾಗಿಸುವುದು ಗಣಿತದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಬ್ರೂಕ್ ಟೇಲರ್ ತನ್ನ ಸೂತ್ರವನ್ನು 1715ರಲ್ಲಿ ಪ್ರಕಟಿಸಿದನಾದರೂ ಬಹುಪದಿಯನ್ನು ಒಂದೆಡೆ ನಿಲ್ಲಿಸಿದಾಗ ಉಳಿಯುವ ದೋಷವೆಷ್ಟು ಎಂಬುದನ್ನು ಅದರಲ್ಲಿ ವಿಚಾರಿಸಲಿಲ್ಲ. ಆ ಶೇಷಕ್ಕೆ ಇಂದು ಬಳಕೆಯಲ್ಲಿರುವ ರೂಪವೊಂದನ್ನು ಲಗ್ರಾಂಜ್ 1797ರ ತನ್ನ ಗ್ರಂಥದಲ್ಲಿ ನೀಡಿದನು. ಬಹುಪದಿಯ ರಚನೆಯನ್ನೂ, ಶೇಷಕ್ಕೆ ಮಿತಿ ಹಾಕುವ ಎರಡು ಮಾರ್ಗಗಳನ್ನೂ, ಅವುಗಳಲ್ಲಿ ಒಂದು ಸೋಲುವ ಸಂದರ್ಭವನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಬಹುಪದಿಯ ರಚನೆ

f ಎಂಬ ಫಲನದ ಬೆಲೆಯೂ ಅದರ ನಿಷ್ಪನ್ನಗಳ ಬೆಲೆಗಳೂ a ಎಂಬ ಬಿಂದುವಿನಲ್ಲಿ ತಿಳಿದಿವೆ ಎಂದಿಟ್ಟುಕೊಳ್ಳೋಣ. n ಘಾತದ ಬಹುಪದಿಯೊಂದು ಆ ಬಿಂದುವಿನಲ್ಲಿ f ನ ಬೆಲೆಯನ್ನೂ ಮೊದಲ n ನಿಷ್ಪನ್ನಗಳನ್ನೂ ಹೋಲಬೇಕೆಂದು ವಿಧಿಸಿದರೆ ಅಂತಹ ಬಹುಪದಿ ಒಂದೇ ಒಂದು ಇರುತ್ತದೆ. (x−a)ᵏ ಎಂಬ ಪದವನ್ನು k ಬಾರಿ ಅವಕಲಿಸಿದಾಗ k! ಎಂಬ ಸ್ಥಿರಸಂಖ್ಯೆ ಬರುವುದರಿಂದ ಆ ಪದದ ಗುಣಾಂಕವು ಫಲನದ k ನೆಯ ನಿಷ್ಪನ್ನವನ್ನು k! ಇಂದ ಭಾಗಿಸಿದ ಲಬ್ಧವೇ ಆಗಬೇಕು.

Pₙ(x) = f(a) + f′(a)(x−a) + f″(a)(x−a)²/2! + … + f⁽ⁿ⁾(a)(x−a)ⁿ/n!

ಇದು a ಬಿಂದುವಿನಲ್ಲಿ ಫಲನವನ್ನು ಹೋಲುವುದೆಂಬುದು ನಿಜ. a ಯಿಂದ ಸ್ವಲ್ಪ ದೂರ ಸರಿದಾಗ ಎಷ್ಟು ಹೋಲುವುದು ಎಂಬ ಪ್ರಶ್ನೆಗೆ ಈ ರಚನೆಯೊಂದೇ ಉತ್ತರ ಹೇಳದು. ಆ ಉತ್ತರ Rₙ = f − Pₙ ಎಂಬ ಶೇಷದಲ್ಲಿದೆ.

ಶೇಷದ ಎರಡು ರೂಪಗಳು

f(x) = f(a) + ∫ₐˣ f′(t) dt ಎಂಬ ಮೂಲ ಸಂಬಂಧದಿಂದ ಹೊರಟು ಖಂಡಶಃ ಅನುಕಲನವನ್ನು n ಬಾರಿ ಪ್ರಯೋಗಿಸಿದರೆ ಬಹುಪದಿಯ ಪದಗಳು ಒಂದೊಂದಾಗಿ ಹೊರಬರುತ್ತವೆ. ಕೊನೆಯಲ್ಲಿ ಉಳಿಯುವ ಅನುಕಲವೇ ಶೇಷ:

Rₙ(x) = (1/n!) ∫ₐˣ (x−t)ⁿ f⁽ⁿ⁺¹⁾(t) dt

ಅಂತರಾಳದಲ್ಲಿ (x−t)ⁿ ತನ್ನ ಚಿಹ್ನೆಯನ್ನು ಬದಲಿಸುವುದಿಲ್ಲ. ಆದುದರಿಂದ (n+1)ನೆಯ ನಿಷ್ಪನ್ನವು ಅವಿಚ್ಛಿನ್ನವಾಗಿದ್ದರೆ ಅನುಕಲನದ ಮಧ್ಯಮ ಮೌಲ್ಯ ಪ್ರಮೇಯದಿಂದ ಲಗ್ರಾಂಜನ ರೂಪ ದೊರೆಯುತ್ತದೆ:

Rₙ(x) = f⁽ⁿ⁺¹⁾(c)(x−a)ⁿ⁺¹/(n+1)!

ಇಲ್ಲಿ c ಯು a ಮತ್ತು x ಗಳ ನಡುವಿನ ಯಾವುದೋ ಒಂದು ಬಿಂದು. ಅದರ ನಿಖರ ಸ್ಥಾನ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆ ಅಂತರಾಳದಲ್ಲಿ ನಿಷ್ಪನ್ನವು ಯಾವ ಬೆಲೆಗಳ ನಡುವೆ ಇರುತ್ತದೆ ಎಂಬುದು ತಿಳಿದರೆ ಸಾಕು.

ಒಂದು ಉದಾಹರಣೆ: 31 ಡಿಗ್ರಿಯ ಸೈನ್

30 ಡಿಗ್ರಿಯಲ್ಲಿ ಸೈನ್ 0.5, ಕೊಸೈನ್ 0.8660254. ಇಲ್ಲಿಂದ ಒಂದು ಡಿಗ್ರಿ ಮುಂದೆ ಸಾಗಬೇಕಾಗಿದೆ. ಸೈನಿನ ನಿಷ್ಪನ್ನ ಕೊಸೈನ್ ಆಗುವುದು ಕೋನವನ್ನು ರೇಡಿಯನ್ನಿನಲ್ಲಿ ಅಳೆದಾಗ ಮಾತ್ರ. ಆದುದರಿಂದ h = π/180 = 0.0174533 ಎಂದು ತೆಗೆದುಕೊಳ್ಳಬೇಕು; ಇದನ್ನು ಮರೆತು h = 1 ಎಂದಿರಿಸಿದರೆ ಉತ್ತರವು 1ನ್ನೂ ಮೀರಿ ತಪ್ಪು ತಾನಾಗಿಯೇ ಬಯಲಾಗುತ್ತದೆ. ಎರಡನೆಯ ಘಾತದವರೆಗೆ:

P₂ = 0.5 + 0.8660254 h − 0.25 h²
= 0.5 + 0.01511499 − 0.00007615 = 0.51503884

ಕೋಷ್ಟಕದ ತಿಳಿದ ಕೋನದಿಂದ ನೆರೆಯ ಕೋನಕ್ಕೆ ಸಾಗಲು ಎರಡನೆಯ ಘಾತದವರೆಗಿನ ಇಂಥದೇ ನಿಯಮವೊಂದನ್ನು ಕೇರಳದ ನೀಲಕಂಠ ಸೋಮಯಾಜಿಯು ತನ್ನ ಆರ್ಯಭಟೀಯ ಭಾಷ್ಯದಲ್ಲಿ ಮಾಧವನದೆಂದು ಉದ್ಧರಿಸಿದ್ದಾನೆ.

ಇನ್ನು ಶೇಷ. ಸೈನಿನ ಮೂರನೆಯ ನಿಷ್ಪನ್ನ −cos ಆದುದರಿಂದ R₂ = −cos(c) h³/6. 30 ಮತ್ತು 31 ಡಿಗ್ರಿಗಳ ನಡುವೆ ಕೊಸೈನ್ ಧನವಾಗಿದ್ದು 0.8660255 ಅನ್ನು ಮೀರುವುದಿಲ್ಲ. h³/6 ರ ಬೆಲೆ ಸುಮಾರು 0.000000886. ಹೀಗಾಗಿ ಶೇಷವು ಋಣಸಂಖ್ಯೆ, ಅದರ ಪರಿಮಾಣ 0.00000077 ಕ್ಕಿಂತ ಹೆಚ್ಚಲ್ಲ. ಅಂದರೆ ನಿಜವಾದ ಬೆಲೆ ನಾವು ಪಡೆದುದಕ್ಕಿಂತ ಕಡಿಮೆ, ಆದರೆ 0.51503807 ಕ್ಕಿಂತ ಕೆಳಗಿಲ್ಲ. ಸೈನ್ 31 ಡಿಗ್ರಿಯ ಬೆಲೆ 0.515038075 ಎಂಬುದು ಇದಕ್ಕೆ ಹೊಂದುತ್ತದೆ. ಮಿತಿಯು ದೋಷದ ಗಾತ್ರವನ್ನಷ್ಟೇ ಅಲ್ಲದೆ ದಿಕ್ಕನ್ನೂ ತಿಳಿಸಿತೆಂಬುದು ಗಮನಾರ್ಹ.

ಲಗ್ರಾಂಜನ ರೂಪ ಸೋಲುವ ಎಡೆ

ಮೇಲಿನ ಯಶಸ್ಸಿಗೆ ಸೈನಿನ ಯಾವ ನಿಷ್ಪನ್ನವೂ ಪರಿಮಾಣದಲ್ಲಿ 1ನ್ನು ಮೀರದಿರುವುದೇ ಕಾರಣ. ಎಲ್ಲ ಫಲನಗಳೂ ಇಷ್ಟು ಸೌಮ್ಯವಲ್ಲ. g(x) = −ln(1−x) ಎಂಬುದನ್ನು ಸೊನ್ನೆಯ ಸುತ್ತ ವಿಸ್ತರಿಸಿದರೆ x + x²/2 + x³/3 + … ಎಂದಾಗುತ್ತದೆ. x = 0.9 ಎಂದಿಟ್ಟರೆ ಇದರ ಬೆಲೆ ln 10, ಅಂದರೆ 2.302585. ಎರಡು ಪದಗಳ ಮೊತ್ತ 1.305; ದೋಷ 0.9976. ಬಿಟ್ಟುಹೋದ ಮೊದಲ ಪದವನ್ನೇ ದೋಷದ ಅಳತೆಯೆಂದು ಭಾವಿಸುವ ರೂಢಿಯುಂಟು. ಇಲ್ಲಿ ಆ ಪದ ಕೇವಲ 0.243, ನಿಜವಾದ ದೋಷ ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಪದಗಳು ಒಂದೊಂದಾಗಿ ಚಿಹ್ನೆ ಬದಲಿಸುತ್ತ ಕುಗ್ಗುತ್ತ ಹೋಗುವ ಶ್ರೇಣಿಗೆ ಆ ರೂಢಿ ಸಲ್ಲುತ್ತದೆ; ಇಲ್ಲಿ ಎಲ್ಲ ಪದಗಳೂ ಧನವಾಗಿವೆ.

ಲಗ್ರಾಂಜನ ರೂಪದಿಂದ ಮಿತಿ ಹಾಕಿದರೆ (n+1)ನೆಯ ನಿಷ್ಪನ್ನವಾದ n!/(1−t)ⁿ⁺¹ ನ ಗರಿಷ್ಠ ಬೆಲೆ t = 0.9 ರಲ್ಲಿ ಬರುತ್ತದೆ. ಆಗ ಮಿತಿ 9ⁿ⁺¹/(n+1). n = 2 ಆದಾಗ ಇದು 243; n = 10 ಆದಾಗ ಸುಮಾರು 285 ಕೋಟಿ. ಹೇಳಿಕೆ ಸುಳ್ಳಲ್ಲ, ಆದರೆ ನಿಷ್ಪ್ರಯೋಜಕ. ಪದಗಳನ್ನು ಕೂಡಿಸಿದಷ್ಟೂ ದೋಷ ಕುಗ್ಗುತ್ತಿದ್ದರೆ ಮಿತಿ ಮಾತ್ರ ಬೆಳೆಯುತ್ತದೆ. ಮಿತಿಯೊಂದು ಹೀಗೆ n ನೊಂದಿಗೆ ಬೆಳೆಯುವುದನ್ನು ಕಂಡಾಗ ಫಲನವನ್ನು ದೂಷಿಸುವ ಮೊದಲು ಶೇಷದ ರೂಪವನ್ನು ಮರುಪರಿಶೀಲಿಸಬೇಕು.

ಅನುಕಲ ರೂಪದಲ್ಲಿ ಈ ನಷ್ಟವಾಗುವುದಿಲ್ಲ. ಅಲ್ಲಿ ಶೇಷವು

Rₙ(x) = ∫₀ˣ [(x−t)/(1−t)]ⁿ dt/(1−t)

ಎಂದಾಗುತ್ತದೆ. ನಿಷ್ಪನ್ನ ದೊಡ್ಡದಾಗುವ ತುದಿಯಲ್ಲಿಯೇ (x−t) ಕುಗ್ಗುವುದರಿಂದ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. t ಸೊನ್ನೆಯಿಂದ x ಗೆ ಸಾಗುವಾಗ ಆವರಣದೊಳಗಿನ ಭಾಗಲಬ್ಧ x ನಿಂದ ಸೊನ್ನೆಗೆ ಇಳಿಯುತ್ತದೆ; 1/(1−t) ಎಂದಿಗೂ 1/(1−x) ಅನ್ನು ಮೀರದು. ಆದುದರಿಂದ

Rₙ(x) ≤ xⁿ · x/(1−x)

x = 0.9 ಕ್ಕೆ ಇದು 9 × 0.9ⁿ, n ಬೆಳೆದಂತೆ ಸೊನ್ನೆಗೆ ಸಮೀಪಿಸುತ್ತದೆ. ದೋಷ 0.001 ಕ್ಕಿಂತ ಕಡಿಮೆಯೆಂದು ಈ ಮಿತಿಯಿಂದ ಖಚಿತಪಡಿಸಿಕೊಳ್ಳಲು 87 ಪದಗಳು ಬೇಕು.

ಇಷ್ಟು ಪದಗಳ ಅಗತ್ಯವನ್ನು ತಪ್ಪಿಸುವ ದಾರಿಯನ್ನೂ ಇದೇ ಮಿತಿ ತೋರುತ್ತದೆ. x ಚಿಕ್ಕದಾದಷ್ಟೂ xⁿ ಬೇಗ ಕುಗ್ಗುತ್ತದೆ. 10 = 2 × 2 × 2 × 1.25 ಆದುದರಿಂದ ln 10 = 3 ln 2 + ln 1.25. ಮೊದಲನೆಯದಕ್ಕೆ x = 0.5, ಎರಡನೆಯದಕ್ಕೆ x = 0.2 ಸಾಕು. ಒಟ್ಟು ದೋಷದ ಮಿತಿ 3 × 0.5ⁿ + 0.25 × 0.2ⁿ. n = 12 ಆದಾಗ ಇದು ಸುಮಾರು 0.00073. ಅಂದರೆ 87 ಪದಗಳ ಒಂದು ಶ್ರೇಣಿಯ ಬದಲು 12 ಪದಗಳ ಎರಡು ಶ್ರೇಣಿಗಳಿಂದ ಅದೇ ನಿಖರತೆ ಕೈಗೂಡುತ್ತದೆ. ಘಾತವನ್ನು ಏರಿಸುವುದಕ್ಕಿಂತ ಬಿಂದುವಿನಿಂದ ಇರುವ ದೂರವನ್ನು ಇಳಿಸುವುದು ಇಂತಹ ಸಂದರ್ಭಗಳಲ್ಲಿ ಹೆಚ್ಚು ಫಲಕಾರಿ. ಎಷ್ಟು ಇಳಿಸಬೇಕೆಂಬುದನ್ನು ಲೆಕ್ಕಕ್ಕೆ ಮುನ್ನವೇ ತಿಳಿಸುವುದು ಶೇಷದ ಮಿತಿ.