ಎರಡು ಮೊನೆ, ಒಂದೇ ಸ್ಪರ್ಶ

ಪೇಪರ್ ಕ್ಲಿಪ್ ಬಿಡಿಸಿ, ಅದರ ಎರಡು ತುದಿಗಳ ನಡುವೆ ಅರ್ಧ ಸೆಂಟಿಮೀಟರ್ ಅಂತರ ಇರುವಂತೆ ಬಗ್ಗಿಸಿ. ಕಣ್ಣು ಮುಚ್ಚಿದವರ ಬೆರಳ ತುದಿಗೆ ಮೆಲ್ಲಗೆ ಮುಟ್ಟಿಸಿದರೆ 'ಎರಡು' ಎನ್ನುತ್ತಾರೆ. ಅದನ್ನೇ ಬೆನ್ನಿಗೆ ಮುಟ್ಟಿಸಿ, 'ಒಂದೇ' ಎನ್ನುತ್ತಾರೆ. ಜರ್ಮನಿಯ ಅರ್ನ್‌ಸ್ಟ್ ಹೈನ್ರಿಕ್ ವೇಬರ್ ಕೈವಾರದ ಮೊನೆಗಳಿಂದ ಮೈಯೆಲ್ಲ ಹೀಗೆ ಅಳೆದು 1834ರಲ್ಲಿ ಪ್ರಕಟಿಸಿದ. ಎರಡನ್ನು ಎರಡೆಂದು ಗುರುತಿಸಲು ಬೆರಳ ತುದಿಗೆ 2–3 ಮಿಲಿಮೀಟರ್ ಅಂತರ ಸಾಕು, ಬೆನ್ನಿಗೆ ಸುಮಾರು 40 ಬೇಕು.

ಚರ್ಮದ ಪ್ರತಿಯೊಂದು ಸ್ಪರ್ಶ ನರತಂತುವಿಗೂ ತನ್ನದೇ ಆದ ಒಂದು ಕ್ಷೇತ್ರವಿದೆ. ಅದರೊಳಗೆ ಎಲ್ಲಿ ಮುಟ್ಟಿದರೂ ಮಿದುಳಿಗೆ ಹೋಗುವುದು ಅದೇ ತಂತುವಿನ ಸುದ್ದಿ. ಬೆರಳಲ್ಲಿ ಈ ಕ್ಷೇತ್ರಗಳು ಚಿಕ್ಕವು, ಒತ್ತೊತ್ತಾಗಿವೆ; ಬೆನ್ನಿನಲ್ಲಿ ದೊಡ್ಡವು, ವಿರಳ. ಎರಡೂ ಮೊನೆಗಳು ಒಂದೇ ಕ್ಷೇತ್ರಕ್ಕೆ ಬಿದ್ದರೆ ಅವುಗಳನ್ನು ಬೇರ್ಪಡಿಸುವುದು ಕಷ್ಟ.

ಬೆರಳಲ್ಲಿ ಈ ಕೆಲಸ ಹೆಚ್ಚಾಗಿ ಮರ್ಕೆಲ್ ಗ್ರಾಹಕಗಳದು. ಒತ್ತಡ ಇರುವಷ್ಟು ಹೊತ್ತೂ ಅವು ಸಂಕೇತ ಕಳಿಸುತ್ತವೆ. ಆಳದ ಪಾಸಿನಿ ಗ್ರಾಹಕಗಳು ಹಾಗಲ್ಲ: ಮುಟ್ಟಿದಾಗೊಮ್ಮೆ, ಬಿಟ್ಟಾಗೊಮ್ಮೆ ಮಿಡಿದು ಸುಮ್ಮನಾಗುತ್ತವೆ. ಅವುಗಳ ಕ್ಷೇತ್ರವೂ ವಿಶಾಲ; ಕಂಪನ ಹಿಡಿಯುವುದರಲ್ಲಿ ಚುರುಕು, ಮೊನೆ ಎಣಿಸುವುದರಲ್ಲಲ್ಲ.

ಪರೀಕ್ಷೆ ಕೆಡುವುದು ಸುಲಭ. ಒಂದು ಮೊನೆ ಕೊಂಚ ಮೊದಲೇ ತಾಗಿದರೆ ಅಂತರದಿಂದಲ್ಲ, ಸಮಯದ ವ್ಯತ್ಯಾಸದಿಂದಲೇ ಉತ್ತರ ಸಿಕ್ಕಿಬಿಡುತ್ತದೆ. ಆದ್ದರಿಂದ ನಡುನಡುವೆ ಒಂದೇ ಮೊನೆಯನ್ನೂ ಮುಟ್ಟಿಸಿ, ಹತ್ತರಲ್ಲಿ ಏಳು ಸರಿಯಾದರೆ ಒಪ್ಪುವುದು ವಾಡಿಕೆ. ತುಂಡಾದ ನರ ಹೊಲಿದ ಮೇಲೆ ಚೇತರಿಕೆ ನೋಡಲು ಇದು ಉಪಯುಕ್ತ. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆಯ ಆರಂಭದಲ್ಲಿ ಮಾತ್ರ ಫಲಿತಾಂಶ ಚೆನ್ನಾಗಿಯೇ ಬರಬಹುದು. ಅಲ್ಲಿ ತೆಳು ನೈಲಾನ್ ಎಳೆಯಿಂದ ಒತ್ತಿ ನೋಡುವ ಪರೀಕ್ಷೆ ಬೇಗ ಸುಳಿವು ಕೊಡುತ್ತದೆ.